ದಿಢೀರ್ ಸಾಲದ ಆ್ಯಪ್: Allow ಒತ್ತುವ ಮೊದಲು ಯಾವುದನ್ನು, ಯಾವ ಕ್ರಮದಲ್ಲಿ ನೋಡಬೇಕು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗಳಿರುವ ಓಣಿಯ ಬಾಯಲ್ಲೇ ನನ್ನ ಮೊಬೈಲ್ ರಿಪೇರಿ ಅಂಗಡಿ ಇದೆ. ಡಿಸ್‌ಪ್ಲೇ ಒಡೆದವರಷ್ಟೇ ಬರುತ್ತಿದ್ದ ಕಾಲ ಹೋಯಿತು. ಈಗ ವಾರಕ್ಕೊಬ್ಬರಾದರೂ ಫೋನನ್ನು ಕೌಂಟರ್ ಮೇಲೆ ಮಕಾಡೆ ಇಟ್ಟು, ದನಿ ತಗ್ಗಿಸಿ, "ಅಣ್ಣ, ಒಂದು ಆ್ಯಪ್ ತೆಗೀಬೇಕಿತ್ತು" ಅನ್ನುತ್ತಾರೆ. ಆ್ಯಪ್ ತೆಗೆಯಲು ನಾನು ಬೇಕಾಗಿಲ್ಲ, ಅವರಿಗೇ ಬರುತ್ತದೆ. ಆದರೆ ಅಷ್ಟು ಹೊತ್ತಿಗೆ ಅವರ ಮಾವನಿಗೆ, ಮೇಸ್ತ್ರಿಗೆ, ಮಗಳ ಟೀಚರಿಗೆ ಆ ಸಾಲದ ಆ್ಯಪಿನವರಿಂದ ಮಾನ ಕಳೆಯುವ ಮೆಸೇಜ್ ಹೋಗಿ ಆಗಿರುತ್ತದೆ.

ಇವರು ಯಾರೂ ದಡ್ಡರಲ್ಲ. ಎಲ್ಲರೂ ಆ್ಯಪನ್ನು ಪರೀಕ್ಷೆ ಮಾಡಿಯೇ ಇರುತ್ತಾರೆ, ಆದರೆ ತಡವಾಗಿ. ಮೊದಲು ಇನ್‌ಸ್ಟಾಲ್, ಆಮೇಲೆ ಕೇಳಿದ್ದಕ್ಕೆಲ್ಲ Allow, ಆಮೇಲೆ ಆಧಾರ್, ಪ್ಯಾನ್, ಸೆಲ್ಫಿ. ಅನುಮಾನ ಬರುವುದು ರೊಕ್ಕ ಕಡಿಮೆ ಬಂದಾಗ. ಕೆಳಗೆ ಹೇಳುವ ಹಂತಗಳ ಕ್ರಮವನ್ನು ಅದಲುಬದಲು ಮಾಡಬೇಡಿ. ಕೊನೆಯಲ್ಲಿ ಕೊಡಬೇಕಾದ್ದನ್ನು ಮೊದಲೇ ಕೊಟ್ಟುಬಿಟ್ಟರೆ ಉಳಿದ ಪರೀಕ್ಷೆ ಮಾಡಿ ಉಪಯೋಗವಿಲ್ಲ.

## ಬೇಕಾಗುವ ಸಾಮಾನು

ಇಂಟರ್ನೆಟ್ ಇರುವ ಫೋನು, ಒಂದು ಪೆನ್ನು, ಒಂದು ಹಾಳೆ, ಅರ್ಧ ಗಂಟೆ ಸಮಯ. ಹಾಳೆ ಯಾಕೆಂದರೆ, ಆ್ಯಪಿನ ಒಳಗೆ ಕಾಣಿಸಿದ ಹೆಸರನ್ನು ಹೊರಗೆ ಹುಡುಕುವಾಗ ಅಕ್ಷರ ಅಕ್ಷರ ತಾಳೆ ನೋಡಬೇಕಾಗುತ್ತದೆ. ಆಧಾರ್ ಕಾರ್ಡನ್ನು ಜೇಬಿನಲ್ಲೇ ಬಿಡಿ, ಅದರ ಸರದಿ ಇನ್ನೂ ದೂರ ಇದೆ.

## ಹಂತ 1: ಆ್ಯಪ್ ಯಾವ ಬಾಗಿಲಿಂದ ಬಂತು?

ವಾಟ್ಸಾಪ್ ಲಿಂಕ್, ಟೆಲಿಗ್ರಾಂ ಗುಂಪು, ರೀಲ್ಸ್ ನಡುವಿನ ಜಾಹೀರಾತು ಒತ್ತಿದಾಗ .apk ಅಂತ ಕೊನೆಯಾಗುವ ಫೈಲ್ ಡೌನ್‌ಲೋಡ್ ಆದರೆ ಅಲ್ಲಿಗೇ ಮುಗಿಯಿತು, ಮುಂದಿನ ಹಂತ ಬೇಡ. ಫೈಲ್ ಅಳಿಸಿ. "Install unknown apps" ಎಂಬ ಪರದೆ ಕಂಡರೂ ಅದೇ ಮಾತು.

ಪ್ಲೇ ಸ್ಟೋರಿನಲ್ಲಿದ್ದರೆ ಒಳ್ಳೆಯದು ಅಂತಲೂ ಅಲ್ಲ. ಅಲ್ಲಿ ನಿಯಮ ಇದೆ: ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಫೋಟೋ, ವಿಡಿಯೊ ಓದುವಂತಿಲ್ಲ ಎಂದು ಗೂಗಲ್ 2023ರ ಮೇ 31ರಿಂದ ಹೇಳಿದೆ. 60 ದಿನದೊಳಗೆ ಪೂರ್ತಿ ತೀರಿಸಬೇಕಾದ ಸಾಲದ ಆ್ಯಪ್‌ಗೂ ಅಲ್ಲಿ ಜಾಗವಿಲ್ಲ. ಅದಕ್ಕೇ ಮೋಸದ ಆ್ಯಪಿನ ಪುಟದಲ್ಲಿ "91ರಿಂದ 180 ದಿನ" ಅಂತ ಬರೆದಿರುತ್ತದೆ, ಒಳಗೆ ಹೋದರೆ 7 ದಿನ ಇರುತ್ತದೆ. ಈ ಎರಡು ಅಂಕಿ ಹೊಂದದಿದ್ದರೆ ಆ ಆ್ಯಪ್ ಗೂಗಲಿಗೇ ಸುಳ್ಳು ಹೇಳಿ ಒಳಗೆ ಬಂದಿದೆ ಎಂದರ್ಥ.

ಸ್ಟಾರ್ ನೋಡಬೇಡಿ. ನೋಡಲೇಬೇಕೆಂದರೆ ಒಂದು ಸ್ಟಾರ್ ಕೊಟ್ಟವರ ಮಾತನ್ನಷ್ಟೇ, ಹೊಸದರಿಂದ ಹಳೆಯದಕ್ಕೆ ಓದಿ. "7 days", "contacts", ಫೋಟೋ ತಿದ್ದಿ ಕೆಡಿಸುವುದಕ್ಕೆ ಹೇಳುವ "morph" ಎಂಬ ಪದಗಳು ಎರಡು ಮೂರು ಕಡೆ ಸಿಕ್ಕರೆ ಸಾಕು, ಆ ಆ್ಯಪ್ ಬಿಡಿ.

## ಹಂತ 2: ಸಾಲ ಕೊಡುವವನ ಹೆಸರು ಹಿಡಿಯಿರಿ

ಜನ ಸಾಮಾನ್ಯವಾಗಿ ಎಡವುವುದು ಇಲ್ಲಿ. ಆ್ಯಪಿನ ಹೆಸರೇ ಸಾಲ ಕೊಡುವ ಕಂಪನಿಯ ಹೆಸರು ಅಂದುಕೊಳ್ಳುತ್ತಾರೆ. ಬಹಳ ಕಡೆ ಆ್ಯಪ್ ಬರೀ ದಲಾಲಿ. ರೊಕ್ಕ ಒಂದು ಬ್ಯಾಂಕಿನದ್ದೋ, ಆರ್‌ಬಿಐನಲ್ಲಿ ನೋಂದಣಿಯಾದ ಎನ್‌ಬಿಎಫ್‌ಸಿ, ಅಂದರೆ ಬ್ಯಾಂಕ್ ಅಲ್ಲದ ಹಣಕಾಸು ಕಂಪನಿಯದ್ದೋ ಆಗಿರಲೇಬೇಕು. ಆ ಹೆಸರನ್ನು ಮೊದಲು ಹಾಳೆಯಲ್ಲಿ ಬರೆದುಕೊಳ್ಳಿ. ಪ್ಲೇ ಸ್ಟೋರಿನ ವಿವರಣೆಯಲ್ಲಿ ಅಥವಾ ಪ್ರೈವಸಿ ಪಾಲಿಸಿಯಲ್ಲಿ ಅದು ಸಿಗಬೇಕು. ಎಲ್ಲೂ ಇಲ್ಲದಿದ್ದರೆ ಅಲ್ಲಿಗೇ ಬಿಡಿ.

ಹೆಸರು ಸಿಕ್ಕಿತು ಅಂದುಕೊಳ್ಳಿ. ಈಗ ಉಲ್ಟಾ ದಿಕ್ಕಿನಿಂದ ಹುಡುಕಬೇಕು. "ನಾವು ಇಂಥ ಎನ್‌ಬಿಎಫ್‌ಸಿ ಜೊತೆ ಇದ್ದೇವೆ" ಅಂತ ಆ್ಯಪ್ ಹೇಳಿದರೆ ಸಾಲದು, "ಈ ಆ್ಯಪ್ ನಮ್ಮದು" ಅಂತ ಆ ಎನ್‌ಬಿಎಫ್‌ಸಿ ಹೇಳಬೇಕು. ನೆಂಟಸ್ತನಕ್ಕೆ ಬಂದವರು ಹೇಳಿದ ಮಾತನ್ನು ಅವರ ಊರಿಗೇ ಹೋಗಿ ವಿಚಾರಿಸುತ್ತೇವಲ್ಲ, ಹಾಗೆ.

ವಿಚಾರಿಸಲು ಎರಡು ಜಾಗ ಇವೆ. ಒಂದು, rbi.org.in. 2025ರ ಜುಲೈ 1ರಿಂದ ಆರ್‌ಬಿಐ ತನ್ನ ವೆಬ್‌ಸೈಟಿನಲ್ಲಿ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿ ಇಟ್ಟಿದೆ. ಯಾವ ಆ್ಯಪ್, ಯಾವ ಬ್ಯಾಂಕು ಅಥವಾ ಎನ್‌ಬಿಎಫ್‌ಸಿಯದು ಎಂಬುದು ಅಲ್ಲಿದೆ. ಎರಡು, ಆ ಎನ್‌ಬಿಎಫ್‌ಸಿಯ ಸ್ವಂತ ವೆಬ್‌ಸೈಟು. ತನ್ನ ಆ್ಯಪ್‌ಗಳ ಮತ್ತು ದಲಾಲಿ ಕಂಪನಿಗಳ ಪಟ್ಟಿಯನ್ನು ಅಲ್ಲಿ ಪ್ರಕಟಿಸುವುದು ಕಡ್ಡಾಯ. ವೆಬ್‌ಸೈಟಿನ ವಿಳಾಸವನ್ನು ಆ್ಯಪಿನೊಳಗಿನ ಲಿಂಕಿನಿಂದ ತೆಗೆದುಕೊಳ್ಳಬೇಡಿ, ನೀವೇ ಹುಡುಕಿ.

ಹೆಸರು ತಾಳೆ ನೋಡುವಾಗ ಸಡಿಲ ಬಿಡಬೇಡಿ. ಅಸಲಿ ಹೆಸರಿಗೆ ಒಂದು "Plus", ಒಂದು "Pro" ಸೇರಿಸಿ ನಕಲಿ ಬಿಡುವುದು ಹಳೆಯ ಆಟ. ಇನ್ನೊಂದು ಎಚ್ಚರ: ಆರ್‌ಬಿಐ ಪಟ್ಟಿಯಲ್ಲಿ ಇರುವುದು ಸಾಲ ಕೊಡುವ ಸಂಸ್ಥೆಗಳೇ ಸಲ್ಲಿಸಿದ ಮಾಹಿತಿ. ಅದರಲ್ಲಿ ಹೆಸರಿದ್ದರೆ ದೂರು ಕೊಡಲು ಒಂದು ವಿಳಾಸ ಇದೆ ಎಂದು ತಿಳಿಯಿರಿ. ಬಡ್ಡಿ ಕಡಿಮೆ ಇದೆ, ಆರ್‌ಬಿಐ ಮೆಚ್ಚಿದೆ ಅಂತೇನೂ ಅಲ್ಲ.

## ಹಂತ 3: ಏನನ್ನೂ ತುಂಬದೆ "Don't allow" ಒತ್ತಿ ನೋಡಿ

ಇನ್‌ಸ್ಟಾಲ್ ಮಾಡುವ ಮೊದಲೇ ಪ್ಲೇ ಸ್ಟೋರ್ ಪುಟದಲ್ಲಿ "About this app" ಒಳಗೆ ಹೋಗಿ, ಕೆಳತನಕ ಇಳಿದು "App permissions" ತೆರೆಯಿರಿ. ಆ ಆ್ಯಪ್ ಏನೇನು ಕೇಳಬಹುದು ಎಂಬ ಪಟ್ಟಿ ಅಲ್ಲಿರುತ್ತದೆ. "read your contacts" ಕಂಡರೆ ಇನ್‌ಸ್ಟಾಲ್ ಮಾಡುವ ಅಗತ್ಯವೇ ಇಲ್ಲ.

ಆರ್‌ಬಿಐ ನಿಯಮ ಇಲ್ಲಿ ಸ್ಪಷ್ಟವಾಗಿದೆ. 2022ರ ಸೆಪ್ಟೆಂಬರಿನ ಮಾರ್ಗಸೂಚಿಯಲ್ಲೂ, 2025ರ ಮೇ ತಿಂಗಳ ನಿರ್ದೇಶನದಲ್ಲೂ ಇದೇ ಮಾತಿದೆ: ಸಾಲದ ಆ್ಯಪ್ ನಿಮ್ಮ ಫೈಲ್, ಫೋಟೋ, ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ದಾಖಲೆ ಮುಟ್ಟುವಂತಿಲ್ಲ. ಕ್ಯಾಮೆರಾ, ಮೈಕ್, ಲೊಕೇಶನ್‌ನಂಥವನ್ನು ಮಾತ್ರ ಗುರುತು ಖಚಿತಪಡಿಸುವ ಕೆವೈಸಿಗಾಗಿ, ಒಂದು ಸಲ, ನಿಮ್ಮ ಒಪ್ಪಿಗೆ ಪಡೆದು ಬಳಸಬಹುದು. ಆದ್ದರಿಂದ ಕ್ಯಾಮೆರಾ ಕೇಳಿದ ಕೂಡಲೇ ಹೆದರಬೇಕಿಲ್ಲ, ಸೆಲ್ಫಿಗೆ ಅದು ಬೇಕು. ಗ್ಯಾಲರಿ ಬೇರೆ, ಕ್ಯಾಮೆರಾ ಬೇರೆ. ನನ್ನ ಅಂಗಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಮಂದಿ ಈ ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ. ಕ್ಯಾಮೆರಾ ಅಂದರೆ ಈಗ ತೆಗೆಯುವ ಒಂದು ಫೋಟೋ. ಗ್ಯಾಲರಿ ಅಂದರೆ ಹೆಂಡತಿ ಮಕ್ಕಳದ್ದು, ಮದುವೆಯದ್ದು, ಸೇರಿ ಈವರೆಗೆ ತೆಗೆದ ಎಲ್ಲವೂ. ಮುಖ ಕತ್ತರಿಸಿ ಬೆತ್ತಲೆ ಚಿತ್ರಕ್ಕೆ ಅಂಟಿಸುವ ಕಚ್ಚಾ ಸಾಮಾನು ಅಲ್ಲಿಂದಲೇ ಬರುವುದು.

ಈಗ ಪರೀಕ್ಷೆ. ಆ್ಯಪ್ ತೆರೆಯಿರಿ, ಹೆಸರು, ನಂಬರ್ ಏನೂ ಹಾಕಬೇಡಿ. ಕಾಂಟ್ಯಾಕ್ಟ್ ಕೇಳಿದರೆ "Don't allow", ಫೋಟೋ ಕೇಳಿದರೆ "Don't allow". ಆಮೇಲೆ ಏನಾಗುತ್ತದೆ ನೋಡಿ. ಸರಿಯಾದ ಆ್ಯಪ್ ಮುಂದಕ್ಕೆ ಬಿಡುತ್ತದೆ. ಮೋಸದ್ದು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತುತ್ತದೆ, "ಅನುಮತಿ ಕೊಡದಿದ್ದರೆ ಸಾಲ ಮಂಜೂರಾಗದು" ಅನ್ನುತ್ತದೆ, ಇಲ್ಲವೇ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡರೆ ನಿಮ್ಮ ಪುಣ್ಯ.

ನಡುವೆ ಒಂದು ಬೂದು ಜಾಗ ಇದೆ. "ಇಬ್ಬರ ರೆಫರೆನ್ಸ್ ಕೊಡಿ" ಎಂದು ಖಾಲಿ ಚೌಕದಲ್ಲಿ ಹೆಸರು, ನಂಬರ್ ಟೈಪ್ ಮಾಡಲು ಹೇಳುವುದು ಪೂರ್ತಿ ಫೋನ್‌ಬುಕ್ ಕೇಳಿದಂತೆ ಅಲ್ಲ. ಆದರೂ ಆ ಇಬ್ಬರನ್ನು ಕೇಳದೆ ಬರೆಯಬೇಡಿ. ಎಸ್ಸೆಮ್ಮೆಸ್ ಓದಲು ಕೇಳಿದರೆ ಕೊಡಬೇಡಿ ಎಂಬುದು ನನ್ನ ಸಲಹೆ. ಒಟಿಪಿ ಬರುವುದು ಅಲ್ಲಿಗೇ.

ಗಟ್ಟಿಯಾಗಿ ನೆನಪಿಡಬೇಕಾದ ಮಾತು: Allow ಒತ್ತಿ ಆಮೇಲೆ ವಾಪಸ್ ತೆಗೆದರೆ, ಅಷ್ಟರೊಳಗೆ ಅವರ ಸರ್ವರ್ ಸೇರಿದ ನಂಬರ್‌ಗಳು ವಾಪಸ್ ಬರುವುದಿಲ್ಲ. ಕೆಲವು ನೂರು ನಂಬರ್ ಹೋಗಲು ಕೆಲವೇ ಸೆಕೆಂಡು ಸಾಕು. "ನೋಡಿ ಆಮೇಲೆ ಆಫ್ ಮಾಡ್ತೀನಿ" ಎಂಬುದು ನಡೆಯದ ಮಾತು.

## ಹಂತ 4: ಕೈಗೆ ಬರುವುದೆಷ್ಟು, ಕೊಡುವುದೆಷ್ಟು, ಎಷ್ಟು ದಿನ

ಸಾಲ ಒಪ್ಪುವ ಮೊದಲು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಲೇಬೇಕು. ಪರದೆಯಲ್ಲಿ ಅದು "Key Fact Statement" ಅಥವಾ "KFS" ಎಂದಿರುತ್ತದೆ. ಅದರಲ್ಲಿ ಸಾಲ ಕೊಡುವವರ ಹೆಸರು, ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರ, ಕಂತಿನ ತಾರೀಖು, ದೂರು ಕೇಳುವ ಅಧಿಕಾರಿಯ ವಿವರ ಇರಬೇಕು. ಅದರಲ್ಲಿ ಬರೆಯದ ಯಾವ ಖರ್ಚನ್ನೂ ಆಮೇಲೆ ವಸೂಲಿ ಮಾಡುವಂತಿಲ್ಲ. ಈ ಹಾಳೆಯೇ ಇಲ್ಲ, "Submit" ಒತ್ತಿದರೆ ನೇರ ರೊಕ್ಕ ಬರುತ್ತದೆ ಅಂದರೆ ಒತ್ತಬೇಡಿ.

ಹೋದ ವರ್ಷ ಬಂದ ಒಬ್ಬ ಹುಡುಗನ ಲೆಕ್ಕ ಹೇಳುತ್ತೇನೆ. ಜೀನ್ಸ್ ಯೂನಿಟ್ಟಿನಲ್ಲಿ ಪೀಸ್ ಲೆಕ್ಕದಲ್ಲಿ ಹೊಲಿಯುತ್ತಾನೆ, ಶನಿವಾರ ಬಟವಾಡೆ. ನಡುವಾರದಲ್ಲಿ ತಾಯಿಯ ಔಷಧಿಗೆ ರೊಕ್ಕ ಬೇಕಾಯಿತು. ಆ್ಯಪ್ ತೋರಿಸಿದ ಸಾಲ 6,000 ರೂಪಾಯಿ. ಖಾತೆಗೆ ಬಿದ್ದದ್ದು 3,600. "ಅಣ್ಣ, ಉಳಿದಿದ್ದು ಎಲ್ಲೋಯ್ತು ಅಂತ ನೋಡೊ ಹೊತ್ತಿಗೆ ಆರನೇ ದಿನಕ್ಕೇ ಫೋನ್ ಶುರುವಾಯ್ತು" ಅಂದ. ಏಳನೇ ದಿನ ಕಟ್ಟಬೇಕಾದ್ದು ಪೂರ್ತಿ 6,000.

ಇದನ್ನು ನಮ್ಮ ಕಡೆ ಬಡ್ಡಿ ಲೆಕ್ಕ ಹಾಕುವ ರೀತಿಯಲ್ಲೇ ನೋಡೋಣ. ಕೈಗೆ ಬಂದದ್ದು 3,600, ಹಾಗಾಗಿ ಅದೇ ಅಸಲು. ಮೇಲೆ ಕೊಡುತ್ತಿರುವುದು 2,400. ನೂರು ರೂಪಾಯಿಗೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯವನ ಹತ್ತಿರ ಇದೇ 3,600 ತಂದಿದ್ದರೆ ಏಳು ದಿನಕ್ಕೆ ಬಡ್ಡಿ ಸುಮಾರು 25 ರೂಪಾಯಿ ಆಗುತ್ತಿತ್ತು. ಈ ಆ್ಯಪಿನ ದರ ಅದೇ ಲೆಕ್ಕದಲ್ಲಿ ನೂರಕ್ಕೆ ತಿಂಗಳಿಗೆ ಸುಮಾರು 286 ರೂಪಾಯಿ. ಮೀಟರ್ ಬಡ್ಡಿಯವನೂ ನಾಚಬೇಕು.

ಅದು ಅಲ್ಲಿಗೆ ನಿಲ್ಲಲಿಲ್ಲ. ಏಳನೇ ದಿನ ಪೂರ್ತಿ ಕಟ್ಟಲು ಆಗದೆ "Extend" ಒತ್ತಿದ. 1,800 ಕಟ್ಟಿದರೆ ಇನ್ನೊಂದು ವಾರ ವಾಯಿದೆ. ಮೂರು ವಾರ ಹೀಗೆ ಕಟ್ಟಿದ, ಒಟ್ಟು 5,400 ಹೋಯಿತು. ಬಾಕಿ ಎಷ್ಟು? ಅದೇ 6,000. ವಾಯಿದೆಯ ರೊಕ್ಕ ಅಸಲಿಗೆ ಒಂದು ಪೈಸೆ ಜಮಾ ಆಗಿರಲಿಲ್ಲ.

ಮುಂಚೆ ರೊಕ್ಕ ಮುರಿದುಕೊಂಡ ಮಾತ್ರಕ್ಕೆ ಅದು ಮೋಸ ಅಂತಲ್ಲ. ನೋಂದಣಿಯಾದವರೂ ಪ್ರೊಸೆಸಿಂಗ್ ಫೀ ಹಿಡಿದುಕೊಳ್ಳುತ್ತಾರೆ. 6,000ಕ್ಕೆ 3 ಪರ್ಸೆಂಟ್ ಫೀ ಎಂದರೆ 180, ಅದರ ಮೇಲೆ ಜಿಎಸ್‌ಟಿ 32 ರೂಪಾಯಿ, ಕೈಗೆ 5,788 ಬರುತ್ತದೆ. ಆ 212 ರೂಪಾಯಿ ಯಾಕೆ ಎಂಬುದು ಮೊದಲೇ ಆ ಹಾಳೆಯಲ್ಲಿ ಬರೆದಿರುತ್ತದೆ. 2,400ಕ್ಕೆ ಅಂಥ ಬರಹ ಸಿಗದು.

## ಹಂತ 5: ರೊಕ್ಕ ಯಾರ ಖಾತೆಯಿಂದ ಬಂತು, ಯಾರ ಖಾತೆಗೆ ಹೋಗುತ್ತದೆ?

ಸಾಲ ಕೊಡುವ ಬ್ಯಾಂಕು ಅಥವಾ ಎನ್‌ಬಿಎಫ್‌ಸಿಯ ಖಾತೆಯಿಂದ ನೇರ ನಿಮ್ಮ ಖಾತೆಗೆ ರೊಕ್ಕ ಬರಬೇಕು, ಕಂತು ನೇರ ಅವರ ಖಾತೆಗೇ ಹೋಗಬೇಕು. ನಡುವೆ ದಲಾಲಿಯ ಖಾತೆ ಬರುವಂತಿಲ್ಲ. ಹಾಗಾಗಿ ಕಟ್ಟುವಾಗ ಯುಪಿಐ ಪರದೆಯಲ್ಲಿ ಮೂಡುವ ಹೆಸರು ನಿಮ್ಮ ಹಾಳೆಯ ಮೇಲಿನ ಹೆಸರೇ ಆಗಿರಬೇಕು. ಬದಲಿಗೆ ಯಾವುದೋ ವ್ಯಕ್ತಿಯ ಹೆಸರು, "ಟ್ರೇಡರ್ಸ್", "ಎಂಟರ್‌ಪ್ರೈಸಸ್" ಬಂದರೆ, ಅದೂ ಪ್ರತಿ ಸಲ ಬೇರೆ ಬೇರೆ ಬಂದರೆ, ನೋಂದಣಿಯ ಮಾತೆಲ್ಲ ಸುಳ್ಳು. ಆ ಹುಡುಗನ ಮೂರು ವಾಯಿದೆ ಮೂರು ಬೇರೆ ಯುಪಿಐ ಐಡಿಗೆ ಹೋಗಿತ್ತು.

ಕೇಳದೆ ಖಾತೆಗೆ ರೊಕ್ಕ ಬಿದ್ದರೆ ಅದನ್ನು ಖರ್ಚು ಮಾಡಬೇಡಿ, ಯಾರೋ ಫೋನಿನಲ್ಲಿ ಹೇಳಿದ ಯುಪಿಐಗೆ ವಾಪಸ್ ಹಾಕಲೂ ಬೇಡಿ. ನಿಮ್ಮ ಬ್ಯಾಂಕ್ ಶಾಖೆಗೆ ಬರಹದಲ್ಲಿ ತಿಳಿಸಿ.

ಅಸಲಿ ಸಂಸ್ಥೆಯ ಸಾಲವನ್ನೇ ಅವಸರದಲ್ಲಿ ತೆಗೆದುಕೊಂಡು ಮನಸ್ಸು ಬದಲಾದರೂ ದಾರಿ ಇದೆ. ಕನಿಷ್ಠ ಒಂದು ದಿನದ ಅವಕಾಶ ಕೊಡಬೇಕು ಎಂಬ ನಿಯಮವಿದೆ. ಅಷ್ಟರೊಳಗೆ ಅಸಲು ಮತ್ತು ಆ ದಿನಗಳ ಬಡ್ಡಿ ಕೊಟ್ಟರೆ ದಂಡವಿಲ್ಲದೆ ಹೊರಬರಬಹುದು, ಪ್ರೊಸೆಸಿಂಗ್ ಫೀ ಮಾತ್ರ ಹೋಗಬಹುದು.

ಮೊದಲ ನಾಲ್ಕೂ ದಾಟಿದ ಮೇಲೆ ಆಧಾರ್ ಜೇಬಿನಿಂದ ಹೊರಗೆ ತೆಗೆಯಿರಿ, ಐದನೆಯದನ್ನು ರೊಕ್ಕ ಬಂದಾಗ ಮತ್ತು ಕಟ್ಟುವಾಗ ನೋಡಿ.

## ಈಗಾಗಲೇ ಸಿಕ್ಕಿಬಿದ್ದಿದ್ದರೆ: ಅಳಿಸುವ ಮೊದಲು

ಭಯದಲ್ಲಿ ಜನ ಮಾಡುವ ಮೊದಲ ಕೆಲಸ ಆ್ಯಪ್ ಅಳಿಸುವುದು, ಎರಡನೆಯದು ಸಿಮ್ ಬದಲಿಸುವುದು. ಎರಡೂ ತಪ್ಪು. ಸಾಕ್ಷಿ ಹೋಗುತ್ತದೆ, ನಿಮ್ಮವರಿಗೆ ಹೋಗುವ ಮೆಸೇಜ್ ನಿಲ್ಲುವುದಿಲ್ಲ. ಹೀಗೆ ಮಾಡಿ.

1. ಸಾಕ್ಷಿ ಕೂಡಿಸಿ. ಆ್ಯಪಿನ ಹೆಸರು, ಸಾಲದ ಪುಟ, ಬಾಕಿ ತೋರಿಸುವ ಪುಟ, ಬೆದರಿಕೆ ಮೆಸೇಜು, ಕರೆ ಬಂದ ನಂಬರ್, ಎಲ್ಲದರ ಸ್ಕ್ರೀನ್‌ಶಾಟ್ ಬೇಕು. ತಾರೀಖು, ವೇಳೆ ಕಾಣುವಂತಿರಲಿ. ಪ್ರತಿ ಪಾವತಿಯ ಯುಪಿಐ ಐಡಿ ಮತ್ತು ಆ ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ಸಂಖ್ಯೆಯನ್ನು ಹಾಳೆಯಲ್ಲಿ ಬರೆಯಿರಿ. ತಿದ್ದಿದ ಚಿತ್ರ ಬಂದಿದ್ದರೆ ಒಂದು ಪ್ರತಿ ಉಳಿಸಿ, ಯಾರಿಗೂ ಫಾರ್ವರ್ಡ್ ಮಾಡಬೇಡಿ.

2. ನಲ್ಲಿ ಕಟ್ಟಿ. ಸೆಟ್ಟಿಂಗ್ಸ್‌ನಲ್ಲಿ "Permission manager" ತೆರೆದು Contacts, Photos, SMS, Call logs ಒಂದೊಂದರಿಂದಲೂ ಆ ಆ್ಯಪನ್ನು ತೆಗೆಯಿರಿ. ಫೋನ್‌ಪೇ, ಗೂಗಲ್ ಪೇ ಒಳಗೆ "Autopay" ನೋಡಿ, ಅಪರಿಚಿತ ಹೆಸರಿನ ಆಟೊಪೇ ಇದ್ದರೆ ರದ್ದು ಮಾಡಿ. ಇದನ್ನು ಬಹಳ ಮಂದಿ ಮರೆಯುತ್ತಾರೆ, ಬಟವಾಡೆ ಬಿದ್ದ ದಿನವೇ ಖಾತೆ ಬರಿದಾಗುತ್ತದೆ. ಇಷ್ಟಾದ ಮೇಲೆ ಆ್ಯಪ್ ಅಳಿಸಿ.

3. ಅವರಿಗಿಂತ ಮೊದಲು ನೀವೇ ಹೇಳಿ. ಬೆದರಿಕೆಗೆ ಬೆಲೆ ಇರುವುದು ವಿಷಯ ಗುಟ್ಟಾಗಿರುವತನಕ. ವಾಟ್ಸಾಪ್ ಸ್ಟೇಟಸ್ಸಿಗೆ, ಮನೆಯವರ ಮತ್ತು ಕೆಲಸದ ಗುಂಪಿಗೆ ಇಷ್ಟು ಹಾಕಿದರೆ ಸಾಕು: "ನನ್ನ ಫೋನಿನ ನಂಬರ್‌ಗಳು, ಫೋಟೋಗಳು ಒಂದು ಮೋಸದ ಸಾಲದ ಆ್ಯಪಿನವರ ಕೈಗೆ ಸಿಕ್ಕಿವೆ. ನನ್ನ ಹೆಸರಲ್ಲಿ ಕೆಟ್ಟ ಫೋಟೋ, ಮೆಸೇಜ್ ಬಂದರೆ ಅದು ಸುಳ್ಳು. ತೆರೆಯಬೇಡಿ, ರೊಕ್ಕ ಹಾಕಬೇಡಿ. ಸ್ಕ್ರೀನ್‌ಶಾಟ್ ನನಗೆ ಕಳಿಸಿ, ಆ ನಂಬರ್ ಬ್ಲಾಕ್ ಮಾಡಿ." ಆ ಹುಡುಗ ಇದನ್ನು ಹಾಕಲು ಒಂದು ಗಂಟೆ ಹಿಂದೆಮುಂದೆ ನೋಡಿದ. ಹಾಕಿದ ಮೇಲೆ ಅವನ ಮೇಸ್ತ್ರಿಯೇ ಫೋನ್ ಮಾಡಿ, "ಲೇ ತಮ್ಮ, ನಂಗೂ ಬಂದಿತ್ತು, ಅದನ್ನ ಡಿಲೀಟ್ ಮಾಡೀನಿ, ಕೆಲ್ಸಕ್ಕೆ ಬಾ" ಅಂದ.

4. ದೂರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ cybercrime.gov.in ನಲ್ಲಿ ದಾಖಲಿಸಿ, ಬಂದ ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ, ಸಾಕ್ಷಿಯ ಪ್ರಿಂಟ್ ಜೊತೆ ಅಲ್ಲಿಗೆ ಹೋಗಿ. "ಸಾಲ ತಗೊಂಡೋನು ನೀನೇ ಅಲ್ವಾ" ಎಂಬ ಮಾತು ಎಲ್ಲಿಯಾದರೂ ಕೇಳಿಬಂದರೆ ಸಾಲದ ಮಾತು ಬಿಟ್ಟು ಬೆದರಿಕೆಯ ಮಾತಾಡಿ. ಹೆದರಿಸಿ ರೊಕ್ಕ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್ ಪ್ರಕಾರ ಸುಲಿಗೆ, ಸಾಲ ಇದ್ದರೂ ಅದು ಅಪರಾಧವೇ.

ಸಾಲ ನೋಂದಣಿಯಾದ ಸಂಸ್ಥೆಯದೇ ಆಗಿದ್ದು ಅದರ ವಸೂಲಿಯವರು ಕಾಡುತ್ತಿದ್ದರೆ ದಾರಿ ಬೇರೆ. ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ, ನೆಂಟರ ಮುಂದೆ ಮಾನ ಕಳೆಯುವಂತಿಲ್ಲ. ಮೊದಲು ಸಂಸ್ಥೆಯ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಅನಿಸದಿದ್ದರೆ, cms.rbi.org.in ನಲ್ಲಿ ಇಂಥ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಆದರೆ ಆ ಸಾಲ ಇದ್ದೇ ಇರುತ್ತದೆ, ಕಟ್ಟಬೇಕು, ಸಂಸ್ಥೆಯ ಖಾತೆಗೇ ಕಟ್ಟಬೇಕು. ನೋಂದಣಿಯೇ ಇಲ್ಲದವರ ದೂರನ್ನು sachet.rbi.org.in ನಲ್ಲಿಯೂ ಹಾಕಿ. ಅಂಥವರಿಗೆ ಇನ್ನೊಂದು ವಾಯಿದೆ ಕಟ್ಟಬೇಡಿ. ಒಮ್ಮೆ ಕಟ್ಟಿದವನ ನಂಬರ್ ಅವರ ಪುಸ್ತಕದಲ್ಲಿ ಮೇಲಕ್ಕೆ ಹೋಗುತ್ತದೆ, ಕರೆ ಇನ್ನೂ ಹೆಚ್ಚಾಗುತ್ತದೆ.

ರಾತ್ರಿ ಮನಸ್ಸು ಕೈತಪ್ಪುವಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಒಬ್ಬರಿಗಾದರೂ ಆ ರಾತ್ರಿಯೇ ಹೇಳಿ.

5. ದೂರಿನ ನಂತರ ಬರುವ ಎರಡನೇ ಬಲೆ. ಕೆಲವು ದಿನಕ್ಕೆ ಇನ್ನೊಂದು ಕರೆ ಬರಬಹುದು. "ನಾವು ಸೈಬರ್ ಇಲಾಖೆಯವರು, ನಿಮ್ಮ ಡೇಟಾ ಅಳಿಸ್ತೀವಿ, 2,000 ಫೀ ಕಟ್ಟಿ" ಎಂದೋ, "ಸೆಟಲ್‌ಮೆಂಟ್ ಮಾಡಿಸ್ತೀವಿ, ಸ್ಕ್ರೀನ್ ಶೇರ್ ಮಾಡಿ" ಎಂದೋ. ಪೊಲೀಸರು ದೂರಿಗೆ ಫೀ ಕೇಳುವುದಿಲ್ಲ, ನಿಮ್ಮ ಪರದೆ ನೋಡುವುದೂ ಬೇಕಿಲ್ಲ. ಆ ಹುಡುಗನಿಗೆ ಅಂಥ ಕರೆ ಬಂದಾಗ ಅವನು ನನ್ನ ಅಂಗಡಿಯಲ್ಲೇ ಕೂತಿದ್ದ. ದೂರಿನ ಸಂಖ್ಯೆ ಹೇಳಿ ಅಂತ ತಿರುಗಿ ಕೇಳಿದ. ಆ ಕಡೆಯವನು ಫೋನ್ ಇಟ್ಟ.